ಫ್ಲೆಕ್ಸ್‌ನಲ್ಲಿ ‘ರ‍್ಯಾಲಿ’ ಕೆಡುತ್ತಿದೆ, ಈ ಅರ್ಕಾವತ್ತು ಎಲ್ಲಿಂದ ಬರ್ತಿದೆ?

ಗಾಂಧಿಬಜಾರ್ ಫ್ಲೆಕ್ಸ್

ಅಡಿಕೆ ಬೆಳೆಗಾರರ ರ‍್ಯಾಲಿ, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ. ಬ್ಯಾನರ್ ಕೆಲಸ ನಮ್ಮದು. ಹೋದ ಸಲದ ಫೈಲ್ ನುಡಿ ಫಾಂಟಿನಲ್ಲಿದೆ. ಅದರಲ್ಲಿ ರ ಪೂರ್ತಿ ಇದ್ದು ಅದರ ಕೆಳಗೆ ಯ ಒತ್ತು ಬಂದಿದೆ, ನೋಡೋಕೂ ಚೆನ್ನಾಗಿದೆ. ಈ ಸಲ ಅದೇ ಮ್ಯಾಟರ್ ಯೂನಿಕೋಡ್‌ಗೆ ಬದಲಾಯಿಸಿ ತೆರೆದರೆ ‘ರ್ಯಾಲಿ’ ಆಗಿದೆ. ಮೊದಲು ಯಾ, ಆಮೇಲೆ ಅದರ ಪಕ್ಕ ಅರ್ಕಾವತ್ತು. ತೀರ್ಥಹಳ್ಳಿ, ಭದ್ರಾವತಿ, ಶಿವಮೊಗ್ಗ ಎಲ್ಲ ಸರಿಯಾಗಿಯೇ ಇವೆ. ಬೇರೆ ಬೇರೆ ಫಾಂಟ್ ಹಾಕಿ ನೋಡಾಯ್ತು, ಎಲ್ಲದರಲ್ಲೂ ಇದೇ ಕತೆ. ನಾಳೆ ಮಧ್ಯಾಹ್ನ ಪ್ರಿಂಟಿಗೆ ಹೋಗಬೇಕು, ಯಾರಾದ್ರೂ ಹೇಳಿ.

ಸಾಗರದ ಡಿಸೈನರ್

ಇದು ಫೋಟೋಶಾಪ್ ಸೆಟ್ಟಿಂಗ್ ಅಣ್ಣಾ. ಪ್ರಿಫರೆನ್ಸಸ್ ಒಳಗೆ Type ಅಂತ ಇದೆ, ಅಲ್ಲಿ World-Ready Layout ಇದ್ರೆ ಆರಿಸಿ. ಹಳೇ ಆವೃತ್ತಿಯಾದ್ರೆ ಅದೇ ಜಾಗದಲ್ಲಿ Middle Eastern and South Asian ಅಂತ ಇರುತ್ತೆ. ಪ್ರೋಗ್ರಾಂ ಮುಚ್ಚಿ ತೆರೆದು ಹೊಸ ಫೈಲ್ ಮಾಡಿ. ಕನ್ನಡದ ಒತ್ತಕ್ಷರ ಕೆಡೋದಕ್ಕೆ ನೂರಕ್ಕೆ ನೂರು ಇದೇ ಕಾರಣ.

ಮೊಳೆಜೋಡಣೆ

ಆ ಸೆಟ್ಟಿಂಗ್ ಬೇಕು ಅನ್ನೋದು ನಿಜ, ಆದ್ರೆ ಇಲ್ಲಿಯ ರೋಗ ಬೇರೆ. ಸೆಟ್ಟಿಂಗ್ ತಪ್ಪಿದ್ದರೆ ಒತ್ತುಗಳೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಶಿವಮೊಗ್ಗದಲ್ಲಿ ಒಂದು ಗ್, ಅದರ ಪಕ್ಕ ಇನ್ನೊಂದು ಪೂರ್ತಿ ಗ ಕಾಣಿಸುತ್ತೆ, ಭದ್ರಾವತಿಯ ದ್ರ ಕೂಡ ಎರಡು ತುಂಡಾಗುತ್ತೆ. ಇವರಿಗೆ ಅವೆಲ್ಲ ಸರಿಯಾಗಿ ಬಂದಿವೆ, ಕೆಟ್ಟಿರೋದು ರ್ಯಾ ಒಂದೇ. ಅಂದ ಮೇಲೆ ತಂತ್ರಾಂಶ ತನ್ನ ಕೆಲಸ ಮಾಡ್ತಿದೆ, ಪಠ್ಯದಲ್ಲೇ ಏನೋ ಬಿಟ್ಟುಹೋಗಿದೆ.

ಕನ್ನಡದಲ್ಲಿ ಎರಡು ವ್ಯಂಜನ ಸೇರಿದಾಗ ಸ್ವರ ಕಳೆದುಕೊಳ್ಳೋದು ಮೊದಲನೆಯದು, ಆದ್ರೂ ಪೂರ್ತಿ ಗಾತ್ರದಲ್ಲಿ ಮೇಲೆ ನಿಲ್ಲೋದು ಅದೇ. ಸ್ವರ ಇಟ್ಟುಕೊಂಡ ಎರಡನೆಯದು ಒತ್ತಾಗಿ ಕೆಳಗೆ ಹೋಗುತ್ತೆ. ಕ್ಕ, ದ್ರ, ಸ್ತ ಎಲ್ಲ ಹೀಗೇ. ರ ಮೊದಲು ಬಂದರೆ ಮಾತ್ರ ಲೆಕ್ಕ ತಿರುಗುತ್ತೆ. ಆಗ ಮುಂದಿನ ಅಕ್ಷರ ಪೂರ್ತಿಯಾಗಿ ನಿಂತು, ರ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಿ ಕೂರುತ್ತೆ. ತೀರ್ಥದಲ್ಲಿ ಥ ಪೂರ್ತಿ, ಅದರ ಬಲಕ್ಕೆ ಅರ್ಕಾವತ್ತು.

ಯೂನಿಕೋಡ್‌ನಲ್ಲಿ ಇದನ್ನ ಉಚ್ಚಾರದ ಕ್ರಮದಲ್ಲೇ ಇಡ್ತಾರೆ: ರ, ಹಲಂತ, ಯ. ಈ ಮೂರು ಸಾಲಾಗಿ ಕಂಡ ಕೂಡಲೇ ಫಾಂಟ್ ಅರ್ಕಾವತ್ತು ಹಾಕುತ್ತೆ. ಸೂರ್ಯ, ಕಾರ್ಯ, ಆಚಾರ್ಯ ಬರೆಯೋಕೆ ಅದೇ ಬೇಕು ಕೂಡ. ‘ಇಲ್ಲಿ ಬೇಡ, ರ ಮೇಲೇ ಇರಲಿ’ ಅಂತ ಹೇಳಬೇಕಾದ್ರೆ ರ ಆದ ತಕ್ಷಣ, ಹಲಂತಕ್ಕಿಂತ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಅದರ ಸಂಕೇತ 200D.

```
ರ್ಯಾ   0CB0 0CCD 0CAF 0CBE
ರ‍್ಯಾ   0CB0 200D 0CCD 0CAF 0CBE
```

ಮೊದಲ ಸಾಲು ನಿಮ್ಮ ಫೈಲಿನಲ್ಲಿ ಈಗ ಇರೋದು, ಎರಡನೆಯದು ಬೇಕಾಗಿರೋದು. ಫಾಂಟ್ ಎಷ್ಟು ಬದಲಿಸಿದ್ರೂ ಪ್ರಯೋಜನ ಇಲ್ಲದ್ದು ಇದಕ್ಕೇ, ಅವೆಲ್ಲ ಮೊದಲ ಸಾಲನ್ನ ಸರಿಯಾಗಿಯೇ ಓದ್ತಿವೆ.

ಗಾಂಧಿಬಜಾರ್ ಫ್ಲೆಕ್ಸ್

ಅರ್ಥ ಆಯ್ತು ಸಾರ್. ಆದ್ರೆ ನುಡಿ ಫೈಲಿನಲ್ಲಿ ಸರಿ ಇತ್ತಲ್ಲ, ಬದಲಾಯಿಸುವಾಗ ಅದು ಯಾಕೆ ಹೋಯ್ತು?

ಹೊಸನಗರ ಮೇಷ್ಟ್ರು

ಒತ್ತಕ್ಷರದ ಮಾತು ಬಂದದ್ದು ಒಳ್ಳೆಯದಾಯಿತು. ನಾಲ್ಕನೇ ತರಗತಿಯ ಉಕ್ತಲೇಖನದಲ್ಲಿ ‘ವಸ್ತು’ ಕೊಟ್ಟರೆ ಅರ್ಧ ಮಕ್ಕಳು ಸ ಬರೆದು, ತ ಒತ್ತು ಕೊಟ್ಟು, ಕೊಂಬನ್ನು ಆ ಒತ್ತಿಗೆ ಸಿಕ್ಕಿಸುತ್ತಾರೆ. ‘ಕುಸ್ತಿ’ಯ ಗುಡಿಸನ್ನೂ ಒತ್ತಿನ ತಲೆಯ ಮೇಲೆ ಹಾಕಿದವರಿದ್ದಾರೆ. ತ ಗೆ ಉ ಸೇರಿದರೆ ತು, ಹಾಗಾಗಿ ಕೊಂಬು ತ ಗೆ ಎಂಬುದು ಅವರ ವಾದ. ಕಿವಿಗೆ ಅದು ಸರಿಯೇ. ಇದನ್ನು ತಿದ್ದುವ ಸುಲಭ ದಾರಿ ಯಾವುದು?

ಮೊಳೆಜೋಡಣೆ

ಮೇಷ್ಟ್ರೇ, ನೀವು ಕೇಳಿದ್ದು ಬೇರೆ ಪ್ರಶ್ನೆಯಾದ್ರೂ ಫ್ಲೆಕ್ಸ್‌ನವರಿಗೆ ಕೊಡಬೇಕಾದ ಉತ್ತರ ಅದರೊಳಗೇ ಇದೆ. ಕಿವಿಯ ಕ್ರಮ ಬೇರೆ, ಕೈಯ ಕ್ರಮ ಬೇರೆ. ಉಚ್ಚಾರದಲ್ಲಿ ಸ್, ತ್, ಉ. ಬರೆಯುವಾಗ ಸ, ಅದರ ಕೊಂಬು, ಕೊನೆಗೆ ತ ಒತ್ತು. ಮಕ್ಕಳಿಗೆ ಮೊದಲು ‘ವಸು’ ಬರೆಸಿ, ಕೈ ಎತ್ತಿಸಿ, ಆಮೇಲೆ ಕೆಳಗೆ ತ ಒತ್ತು ಹಾಕಿಸಿ. ‘ಕುಸ್ತಿ’ಗೂ ಅಷ್ಟೇ, ಮೊದಲು ‘ಕುಸಿ’, ಆಮೇಲೆ ಒತ್ತು. ಒತ್ತು ಯಾವಾಗಲೂ ಕೊನೆಗೆ ಅಂತ ಆದ್ರೆ ಕೊಂಬು ಸಿಕ್ಕಿಸೋಕೆ ಆ ಹೊತ್ತಿಗೆ ಒತ್ತೇ ಇರೋದಿಲ್ಲ.

ನುಡಿಯ ಹಳೇ ಫಾಂಟ್ ಮಾಡೋದೂ ಕೈಯ ಕೆಲಸವನ್ನೇ. ಅದರಲ್ಲಿ ಅಕ್ಷರ ಇರೋದಿಲ್ಲ, ಅಕ್ಷರದ ತುಂಡುಗಳು ಇರ್ತವೆ. ನೋಟ್‌ಪ್ಯಾಡಿಗೆ ಅಂಟಿಸಿದ್ರೆ ಈ ತುಂಡುಗಳು ಇಂಗ್ಲಿಷ್ ಲಿಪಿಯ ಚಿಹ್ನೆಗಳಾಗಿ ಕಾಣಿಸ್ತವೆ:

```
ರ‍್ಯಾಲಿ      gÁå°
ಕರ್ನಾಟಕ    PÀ£ÁðlPÀ
```

ಮೊದಲ ಸಾಲನ್ನ ಬಿಡಿಸಿ ನೋಡಿ. g ಅಂದ್ರೆ ತಲೆಕಟ್ಟಿಲ್ಲದ ರ. Á ಅಂದ್ರೆ ಆ ದೀರ್ಘದ ಇಳಿ. å ಅಂದ್ರೆ ಯ ಒತ್ತು. ° ಅಂದ್ರೆ ಲಿ. ದೀರ್ಘ ಮೊದಲು, ಒತ್ತು ಆಮೇಲೆ, ಮೇಷ್ಟ್ರು ಮಕ್ಕಳಿಂದ ಬರೆಸಬೇಕಾದ ಕ್ರಮವೇ. ಎರಡನೇ ಸಾಲಿನಲ್ಲಿ £Á ಅಂದ್ರೆ ನಾ, ಅದಾದ ಮೇಲೆ ಬರೋ ð ಅರ್ಕಾವತ್ತು. ಅಂದ್ರೆ ನುಡಿ ಕಡತದಲ್ಲಿ ಅರ್ಕಾವತ್ತಿಗೆ ಒಂದು ತುಂಡು, ಯ ಒತ್ತಿಗೆ ಇನ್ನೊಂದು ತುಂಡು. ಯಾವುದು ಬೇಕು ಅನ್ನೋದನ್ನ ಬೆರಳಚ್ಚು ಮಾಡಿದವರೇ ಆರಿಸಿ ಇಟ್ಟಿರ್ತಾರೆ.

ಪರಿವರ್ತಕ ಈ ತುಂಡುಗಳನ್ನ ಮತ್ತೆ ಉಚ್ಚಾರದ ಕ್ರಮಕ್ಕೆ ತರಬೇಕು. £Áð ಕಂಡರೆ ಅರ್ಕಾವತ್ತನ್ನ ಹಿಂದಕ್ಕೆ ಎಳೆದು ರ, ಹಲಂತ, ನ, ಆ ಅಂತ ಬರೆಯುತ್ತೆ. gÁå ಕಂಡರೆ ಒತ್ತನ್ನ ದೀರ್ಘದ ಹಿಂದಕ್ಕೆ ತಂದು ರ, ಹಲಂತ, ಯ, ಆ ಅಂತ ಬರೆಯುತ್ತೆ. ಎರಡನೆಯದರಲ್ಲಿ 200D ಸೇರಿಸೋದನ್ನ ಮರೆತರೆ ಎರಡೂ ದಾರಿ ಒಂದೇ ಕಡೆ ಬಂದು ಸೇರುತ್ತವೆ. ನಿಮ್ಮ ರ‍್ಯಾಲಿಗೆ ಆಗಿದ್ದು ಅದೇ.

ಹಿಮ್ಮುಖವಾಗಿಯೂ ಇದೇ ತಾಪತ್ರಯ. ಈ ಕೆಟ್ಟ ರ್ಯಾಲಿಯನ್ನ ಪ್ರೆಸ್ಸಿನವರು ಮತ್ತೆ ನುಡಿಗೆ ತಂದರೆ gÁå° ಸಿಗೋದಿಲ್ಲ, AiÀiÁð° ಬರುತ್ತೆ. ಮೊದಲ ಅಕ್ಷರವೇ ಯಾ ಆಗಿಹೋಗಿರುತ್ತೆ.

ಸಾಗರದ ಡಿಸೈನರ್

ಸರಿ, ನನ್ನ ನೂರಕ್ಕೆ ನೂರು ವಾಪಸ್ 😀 ಆದ್ರೆ ಜೋಡಕವನ್ನ ಹಲಂತದ ಆಮೇಲೆ ಹಾಕಬೇಕಲ್ವಾ? ರ, ಹಲಂತ, 200D, ಯ. ಬಹಳ ಕಡೆ ಹಾಗೇ ಬರೆದಿರ್ತಾರೆ, ಫೈರ್‌ಫಾಕ್ಸಲ್ಲೂ ಕ್ರೋಮಲ್ಲೂ ಸರಿಯಾಗೇ ಕಾಣುತ್ತೆ.

ಮೊಳೆಜೋಡಣೆ

ಕಾಣುತ್ತೆ, ಹೌದು. ಅದು ಹಳೇ ರೂಢಿ. ಆ ಎರಡು ಬ್ರೌಸರ್‌ಗಳ ಒಳಗೆ ಅಕ್ಷರ ಜೋಡಿಸೋ ಕೆಲಸ ಮಾಡೋದು ಹಾರ್ಫ್‌ಬಜ್ ಅನ್ನೋ ತಂತ್ರಾಂಶ. ಕನ್ನಡದ ಹಳೇ ಪಠ್ಯ ಕೆಡಬಾರದು ಅಂತಲೇ ಅದರಲ್ಲಿ ಒಂದು ವಿನಾಯಿತಿ ಇಟ್ಟಿದ್ದಾರೆ: ರ, ಹಲಂತ, 200D ಕಂಡರೆ ಕೊನೆಯ ಎರಡನ್ನ ಅದಲುಬದಲು ಮಾಡಿಕೊಂಡು ತೋರಿಸುತ್ತೆ. ಯೂನಿಕೋಡ್ ಹೇಳಿರೋ ಕ್ರಮ ಮಾತ್ರ ಜೋಡಕ ಮೊದಲು, ಹಲಂತ ಆಮೇಲೆ. ಆ ವಿನಾಯಿತಿ ಇಲ್ಲದ ಕಡೆ ಹಳೇ ಕ್ರಮ ಹೇಗೆ ಬೇಕಾದ್ರೂ ಕಾಣಬಹುದು.

ತೆರೆಯ ಮೇಲೆ ಒಂದೇ ಥರ ಕಂಡ್ರೂ ಕಡತದಲ್ಲಿ ಎರಡೂ ಬೇರೆ ಬೇರೆ. ಅದನ್ನ ಹುಡುಕಿದ್ರೆ ಇದು ಸಿಗದೇ ಹೋಗಬಹುದು. ಎನ್‌ಎಫ್‌ಸಿ ಅನ್ನೋ ಯೂನಿಕೋಡ್ ಸಾಮಾನ್ಯೀಕರಣ ಮಾಡಿಸಿದ್ರೂ ಅದು ಇವನ್ನ ಒಂದು ಮಾಡೋದಿಲ್ಲ, ನಾವೇ ಮಾಡಬೇಕು:

```python
s = s.replace("\u0CB0\u0CCD\u200D", "\u0CB0\u200D\u0CCD")
```

ತುಂಗಾ ತೀರ

ಇಷ್ಟೆಲ್ಲ ಯಾಕೆ ಮಾರಾಯ್ರೆ? ‘ರ್‌ಯಾಲಿ’ ಅಂತ ಬಿಡಿಸಿ ಬರೆದ್ರೆ ಆಯ್ತಪ್ಪ. ಓದೋಕೆ ಬರ್ತದೆ ಅಲ್ದಾ?

ಮೊಳೆಜೋಡಣೆ

ಓದೋಕೆ ಬರ್ತದೆ. ಅದರಲ್ಲಿರೋದು 200C, ಜೋಡಿಸಬೇಡ ಅಂತ ಹೇಳೋ ಚಿಹ್ನೆ. ಬ್ಯಾಂಕ್‌ನಲ್ಲಿ, ಸಾಫ್ಟ್‌ವೇರ್ ಥರದ ಕಡೆ ಅದು ಬೇಕೇ ಬೇಕು, ಇಲ್ಲದಿದ್ರೆ ‘ಬ್ಯಾಂಕ್ನಲ್ಲಿ’ ಅಂತ ಕ ಕೆಳಗೆ ನ ನೇತಾಡುತ್ತೆ. ಅಲ್ಲಿ ಒಂದು ಪದ ಮುಗಿದು ಪ್ರತ್ಯಯವೋ ಇನ್ನೊಂದು ಪದವೋ ಶುರುವಾಗುತ್ತೆ, ಬಿಡಿಸಿದ್ರೂ ನ್ಯಾಯ ಇದೆ. ರ‍್ಯಾ ಒಂದೇ ಉಸಿರಿನ ಅಕ್ಷರ, ಅದನ್ನ ಒಡೆದರೆ ದೊಡ್ಡ ಅಕ್ಷರದ ಬ್ಯಾನರ್‌ನಲ್ಲಿ ನಡುವೆ ಸಂದು ಬಿಟ್ಟ ಹಾಗೆ ಕಾಣುತ್ತೆ. ನನಗಂತೂ ಹಿಡಿಸೋದಿಲ್ಲ.

ಗಾಂಧಿಬಜಾರ್ ಫ್ಲೆಕ್ಸ್

ಹಾಕೋದು ಹೇಗೆ ಅಂತ ಹೇಳಿಬಿಡಿ ಸಾರ್. ನಮ್ಮ ಹುಡುಗ ನುಡಿ ಕೀಲಿಮಣೆಯವನು, f ಒತ್ತಿ ಒತ್ತು ಹಾಕೋದು ಅಷ್ಟೇ ಗೊತ್ತು.

ಮೊಳೆಜೋಡಣೆ

ನೇರ ದಾರಿ ವರ್ಡ್‌ನಲ್ಲಿ. ‘ರ್ಯಾಲಿ’ ಅಂತ ಇರೋದನ್ನ ತಿದ್ದೋಕೆ ಹೋಗಬೇಡಿ, ಒತ್ತಕ್ಷರದ ನಡುವೆ ಕರ್ಸರ್ ನಿಲ್ಲೋದಿಲ್ಲ. ಅಳಿಸಿ ಹೊಸದಾಗಿ ಹಾಕಿ. ರ ಒತ್ತಿ. ಕೀಲಿಮಣೆಯನ್ನ ಇಂಗ್ಲಿಷಿಗೆ ತಿರುಗಿಸಿ 200D ಅಂತ ಹೊಡೆದು, ಜಾಗ ಬಿಡದೆ Alt+X ಒತ್ತಿ. ಆ ನಾಲ್ಕು ಅಕ್ಷರ ಮಾಯವಾಗಿ ಏನೂ ಕಾಣೋದಿಲ್ಲ, ಜೋಡಕ ಕೂತಿದೆ ಅಂತ ಅರ್ಥ. ಮತ್ತೆ ಕನ್ನಡಕ್ಕೆ ಬಂದು ಹಲಂತ, ಯ, ದೀರ್ಘ. ಇಂಗ್ಲಿಷಿಗೆ ತಿರುಗಿಸೋದು ಮರೆತರೆ D ಜಾಗದಲ್ಲಿ ಕನ್ನಡ ಅಕ್ಷರ ಬೀಳುತ್ತೆ, ಆಗ Alt+X ಕೆಲಸ ಮಾಡೋದಿಲ್ಲ. ಲಿಬ್ರೆಆಫೀಸಿನಲ್ಲೂ ಇದೇ ಕ್ರಮ.

ಒಮ್ಮೆ ಸರಿಯಾಗಿ ಬಂದ ‘ರ‍್ಯಾ’ವನ್ನ ಒಂದು ಕಡತದಲ್ಲಿ ಇಟ್ಟುಕೊಳ್ಳಿ. ರ‍್ಯಾಂಕ್, ರ‍್ಯಾಕ್, ರ‍್ಯಾಗಿಂಗ್, ಯಾವುದು ಬಂದ್ರೂ ಅಲ್ಲಿಂದ ನಕಲು ಮಾಡಿದ್ರೆ ಮುಗೀತು. ‘ಬ್ರ್ಯಾಂಡ್’ಗೆ ಮಾತ್ರ ಹಾಕಬೇಡಿ. ಅಲ್ಲಿ ಮೊದಲು ನಿಂತಿರೋದು ಬ, ರ ಈಗಾಗಲೇ ಒತ್ತಾಗಿ ಕೆಳಗೆ ಹೋಗಿದೆ, ಅರ್ಕಾವತ್ತು ಬರೋ ಪ್ರಶ್ನೆಯೇ ಇಲ್ಲ. ರ ಗುಂಪಿನ ಮೊದಲ ವ್ಯಂಜನ ಆಗಿದ್ದಾಗ ಮಾತ್ರ ಈ ರಗಳೆ.

ಜೋಡಕ ಇದೆಯೋ ಇಲ್ಲವೋ ನೋಡೋಕೆ ನೋಟ್‌ಪ್ಯಾಡಿಗೆ ಅಂಟಿಸಿ, ಯಾ ಆದ ಮೇಲೆ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದೊಂದೇ ಒತ್ತಿ. ದೀರ್ಘ ಹೋಗುತ್ತೆ, ಯ ಹೋಗುತ್ತೆ, ಹಲಂತ ಹೋಗುತ್ತೆ. ಆಮೇಲೆ ಒಂದು ಸಲ ಒತ್ತಿದಾಗ ಏನೂ ಬದಲಾಗದೆ, ಅದರ ಮುಂದಿನ ಒತ್ತಿಗೆ ರ ಹೋದರೆ ನಡುವೆ ಜೋಡಕ ಇತ್ತು. ಹಲಂತದ ಹಿಂದೆಯೇ ರ ಹೋಗಿಬಿಟ್ಟರೆ ಇಲ್ಲ. ಕೆಲವು ಅರ್ಜಿ ನಮೂನೆಗಳು, ಸಂದೇಶ ಕಳಿಸೋ ವ್ಯವಸ್ಥೆಗಳು ಕಾಣದ ಚಿಹ್ನೆಗಳನ್ನ ಕಸ ಅಂತ ಗುಡಿಸಿ ಹಾಕ್ತವೆ. ಅಲ್ಲಿಂದ ಹಾದು ಬಂದ ಪಠ್ಯ ಮತ್ತೆ ‘ರ್ಯಾಲಿ’ಯೇ. ಗಿರಾಕಿ ಫೋನಿನಲ್ಲಿ ಕಳಿಸಿದ ಮ್ಯಾಟರನ್ನ ಪ್ರಿಂಟಿಗೆ ಮುಂಚೆ ಹೀಗೊಮ್ಮೆ ನೋಡಿ.

ಸೊಸೈಟಿ ಗುಮಾಸ್ತ

ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ‘ತೀರ್ಥಹಳ್ಳಿ’ ಅಂತ ಹುಡುಕಿದರೆ ಕಾಲು ಭಾಗ ಹೆಸರು ಬರುವುದೇ ಇಲ್ಲ. ಇದೂ 200D ಕಾಟವೋ? ಒಂದು ಸಾಲು ನಕಲು ಮಾಡಿ ಹಾಕಿದ್ದೇನೆ: ತೀಥ೯ಹಳ್ಳಿ.

ಸಾಗರದ ಡಿಸೈನರ್

ಅಯ್ಯೋ, ಅದು ಅರ್ಕಾವತ್ತೇ ಅಲ್ಲ ಸ್ವಾಮಿ, ಕನ್ನಡದ ಒಂಬತ್ತು!

ಮೊಳೆಜೋಡಣೆ

ಹೌದು, ಅಂಕಿ ೯, ಸಂಕೇತ 0CEF. ಆಕಾರ ಹೋಲುತ್ತೆ ಅಂತ ಥ ಬರೆದು ಪಕ್ಕದಲ್ಲಿ ಒಂಬತ್ತು ಕೂರಿಸಿದ್ದಾರೆ. ‘ಕನಾ೯ಟಕ’ ಅಂತೂ ಎಲ್ಲಿ ನೋಡಿದ್ರೂ ಸಿಗುತ್ತೆ. ಅರ್ಕಾವತ್ತು ಕಣ್ಣಿಗೆ ಆಮೇಲೆ ಕಾಣೋದ್ರಿಂದ ಆಮೇಲೆ ಒತ್ತಬೇಕು ಅಂದುಕೊಳ್ತಾರೆ, ಹಾಗೆ ಒತ್ತೋ ಕೀಲಿ ಸಿಗೋದಿಲ್ಲ, ಕೊನೆಗೆ ೯ ಕೈಗೆ ಸಿಗುತ್ತೆ. ರ ಮೊದಲು ಒತ್ತಬೇಕು: ತೀ, ರ, ಹಲಂತ, ಥ.

ಪಟ್ಟಿ ದೊಡ್ಡದಿದ್ರೆ ಹೀಗೆ ತಿದ್ದಬಹುದು:

```python
import re
g = "([\u0C95-\u0CB9](?:\u0CCD[\u0C95-\u0CB9])*[\u0CBE-\u0CCC]?)"
s = re.sub(g + "\u0CEF", "\u0CB0\u0CCD\\1", s)
```

೯ಕ್ಕೆ ಮೊದಲು ಇರೋ ಪೂರ್ತಿ ಅಕ್ಷರವನ್ನ, ಅಂದ್ರೆ ಒತ್ತು ಮತ್ತು ಸ್ವರಚಿಹ್ನೆ ಸಮೇತ ಹಿಡಿದು, ರ ಹಲಂತವನ್ನ ಅದರ ಮುಂದೆ ಇಡುತ್ತೆ. ಆದ್ರೆ ‘ಪುಟ೯’ ಅಂತ ಜಾಗ ಬಿಡದೆ ಬರೆದ ನಿಜವಾದ ಒಂಬತ್ತು ಇದ್ರೆ ಅದನ್ನೂ ‘ಪುರ್ಟ’ ಮಾಡಿ ಕೂರಿಸುತ್ತೆ. ಮನೆ ನಂಬರ್, ಸರ್ವೆ ನಂಬರ್ ಇರೋ ಕಾಲಂಗಳಿಗೆ ಇದನ್ನ ಓಡಿಸಬೇಡಿ. ಊರಿನ ಹೆಸರು, ಸದಸ್ಯರ ಹೆಸರಿನ ಕಾಲಂ ಸಾಕು, ಅದೂ ಒಂದು ಪ್ರತಿ ತೆಗೆದಿಟ್ಟುಕೊಂಡು.

ಬೋರ್ಡ್ ಬರಹ

ಕೈಯಲ್ಲಿ ಬೋರ್ಡ್ ಬರೆಯೋರ ಲೆಕ್ಕ ಒಂದು ಸೇರಿಸ್ತೀನಿ. ಅರ್ಕಾವತ್ತಿಗೆ ಜಾಗ ಮೊದಲೇ ಗುರುತು ಹಾಕಿಕೊಳ್ಳದಿದ್ರೆ ಮುಂದಿನ ಅಕ್ಷರಕ್ಕೆ ತಾಗುತ್ತೆ. ‘ಆರ್ದ್ರಾ ಮಳೆ’ ಅಂತ ಬರೆದು ನೋಡಿ. ಆ ಆದ ಮೇಲೆ ದ, ಅದರ ದೀರ್ಘ, ಕೆಳಗೆ ರ ಒತ್ತು, ಬಲಕ್ಕೆ ಅರ್ಕಾವತ್ತು. ರ ಎರಡು ಸಲ ಬಂದಿದೆ, ಎರಡು ಸಲವೂ ಬೇರೆ ವೇಷ. ಒತ್ತಿನ ಬಾಲ ಬಲಕ್ಕೆ ಚಾಚಿ ಅರ್ಕಾವತ್ತಿನ ಬುಡಕ್ಕೆ ಬಂದು ಸೇರುತ್ತೆ. ನಾವು ಒತ್ತನ್ನ ಸ್ವಲ್ಪ ಎಡಕ್ಕೆ, ದ ಹೊಟ್ಟೆಯ ಕೆಳಗೆ ತಳ್ಳಿ ಬರೀತೀವಿ. ಕೆಲವು ಫಾಂಟ್ ತಳ್ಳೋದಿಲ್ಲ, ಫ್ಲೆಕ್ಸ್‌ನಲ್ಲಿ ಅವೆರಡೂ ಅಂಟಿಕೊಂಡು ಮುದ್ದೆ ಆಗಿರುತ್ತೆ.

ತುಂಗಾ ತೀರ

ನಮ್ಮ ಕಡೆ ಅದು ‘ಆರಿದ್ರ ಮಳೆ’, ಒಂದು ಒತ್ತು ಉಳೀತು 🙂

ಹೊಸನಗರ ಮೇಷ್ಟ್ರು

ಮೊದಲಿನ ವಿಷಯಕ್ಕೆ ಒಂದು ಮಾತು. ‘ರ್ಯಾಲಿ’ ಎಂದು ಅರ್ಕಾವತ್ತಿನಲ್ಲಿ ಬರೆದರೆ ತಪ್ಪು ಎನ್ನುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಿಯಮದ ಪ್ರಕಾರ ರಕಾರ ಮೊದಲು ಬಂದರೆ ಅರ್ಕಾವತ್ತು. ಪದದ ಮೊದಲಲ್ಲಿ ಬಂದರೇನು, ನಡುವೆ ಬಂದರೇನು? ‘ಯಾರ್ಯಾರು’ ಎಂದು ಬರೆಯುತ್ತೇವೆ, ಯಾರೂ ತಡವರಿಸುವುದಿಲ್ಲ.

ಮೊಳೆಜೋಡಣೆ

‘ಯಾರ್ಯಾರು’ ಓದುವಾಗ ತಡವರಿಸದೇ ಇರೋದಕ್ಕೆ ಕಾರಣ ಅದರ ಹಿಂದಿರೋ ಯಾ. ಅರ್ಕಾವತ್ತನ್ನ ಓದುವಾಗ ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು, ಬಂದಾಗ ರ್ ಸೇರಿಕೊಳ್ಳೋಕೆ ಹಿಂದೆ ಒಂದು ಸ್ವರ ಇರಬೇಕು. ಸೂ-ರ್ಯ, ತೀ-ರ್ಥ, ಯಾ-ರ್ಯಾ. ರ್ಯಾಲಿಯಲ್ಲಿ ಹಿಂದೆ ಏನೂ ಇಲ್ಲ. ಕನ್ನಡದ್ದಾಗಲಿ ಸಂಸ್ಕೃತದ್ದಾಗಲಿ ನಾವು ದಿನಾ ಬಳಸೋ ಪದ ಯಾವುದೂ ರ್ ಜೊತೆ ಇನ್ನೊಂದು ವ್ಯಂಜನ ಸೇರಿ ಶುರುವಾಗೋದಿಲ್ಲ, ಹಾಗಾಗಿ ಹಳೇ ನಿಯಮಕ್ಕೆ ಈ ಪ್ರಶ್ನೆ ಎದುರಾಗಿರಲಿಲ್ಲ. ಇಂಗ್ಲಿಷ್ ಪದ ಬಂದ ಮೇಲೆ ಎದುರಾಯ್ತು.

ಸಾಗರದ ಡಿಸೈನರ್

ಹಾಗಾದ್ರೆ ಹೊಸಬರಹದವರು ‘ಕರ‍್ನಾಟಕ’, ‘ಸೂರ‍್ಯ’ ಅಂತ ಎಲ್ಲಾ ಕಡೆ ರ ಮೇಲೆ ಇಟ್ಟು ಬರೀತಾರಲ್ಲ, ಅದೇ ಸರಳ ಅಲ್ವಾ? ಎಲ್ಲದಕ್ಕೂ ಒಂದೇ ನಿಯಮ. ಮಕ್ಕಳಿಗೂ ಸುಲಭ.

ಹೊಸನಗರ ಮೇಷ್ಟ್ರು

ಸುಲಭವೇ, ಆದರೆ ಪಠ್ಯಪುಸ್ತಕದಲ್ಲಿ ಅರ್ಕಾವತ್ತು ಇರುವ ತನಕ ನಾನು ಅದನ್ನೇ ಕಲಿಸಬೇಕು. ಹಳೆಯ ಶಾಸನದಲ್ಲಿ ‘ಧರ್ಮ್ಮ’ ಎಂದು ಅರ್ಕಾವತ್ತೂ ಇದೆ, ಮ ಒತ್ತೂ ಇದೆ. ಅದನ್ನು ಓದುವವರಿಗೆ ಈ ಚಿಹ್ನೆ ಗೊತ್ತಿರಬೇಡವೇ?

ಮೊಳೆಜೋಡಣೆ

ಆ ಜಗಳಕ್ಕೆ ನಾನಿಲ್ಲ. ಪರಿವರ್ತಕ ಬರೆಯೋರಿಗೆ ಮಾತ್ರ ಒಂದು ಮಾತು. ನುಡಿ ಕಡತದಲ್ಲಿ ಅರ್ಕಾವತ್ತಿಗೆ ð ಬೇರೆಯೇ ಇರೋದ್ರಿಂದ, g ತುಂಡಿನ ಕೆಳಗೆ ಒತ್ತು ಕಂಡರೆ ಅದು ಬೇಕಂತಲೇ ಹಾಕಿದ್ದು. ಅಲ್ಲೆಲ್ಲ 200D ಸೇರಿಸಿ. ‘ಸೂರ‍್ಯ’ ಅಂತ ಬರೆದವರದ್ದು ಹಾಗೇ ಉಳಿಯುತ್ತೆ, ರ‍್ಯಾಲಿಯೂ ಉಳಿಯುತ್ತೆ. ತಿದ್ದೋದು ಬಿಡೋದು ಸಂಪಾದಕರಿಗೆ ಬಿಟ್ಟದ್ದು.

ನನಗೇ ಇನ್ನೂ ತೀರ್ಮಾನ ಆಗದ್ದು ಕರ್ರಗೆ, ಜರ್ರನೆ ಥರದವು. ರ ಕೆಳಗೆ ರ ಒತ್ತು ಹಾಕಿ ‘ಕರ‍್ರಗೆ’ ಅಂತಲೂ ಬರೀತಾರೆ, ಅರ್ಕಾವತ್ತು ಹಾಕಿ ‘ಕರ್ರಗೆ’ ಅಂತಲೂ ಬರೀತಾರೆ. ಒಂದೇ ಪುಸ್ತಕದ ಹಳೇ ಕಡತದಲ್ಲಿ ಎರಡೂ ಸಿಕ್ಕರೆ ಯಾವುದಕ್ಕೆ ತರಬೇಕು? ಅಚ್ಚಿನ ಕೆಲಸದವರು ಯಾರಾದ್ರೂ ಇದ್ರೆ ಹೇಳಿ.

ಬೋರ್ಡ್ ಬರಹ

ಬೋರ್ಡಿನ ಮೇಲೆ ಅರ್ಕಾವತ್ತೇ ಚೆಂದ, ಕೆಳಗಿನ ಸಾಲಿಗೆ ತಾಗೋದಿಲ್ಲ. ಪುಸ್ತಕದ ವಿಷಯ ಗೊತ್ತಿಲ್ಲ.

ಗಾಂಧಿಬಜಾರ್ ಫ್ಲೆಕ್ಸ್

ವರ್ಡ್‌ನಲ್ಲಿ ಮಾಡಿ ಫೋಟೋಶಾಪಿಗೆ ಅಂಟಿಸಿದೆ, ರ‍್ಯಾಲಿ ಸರಿಯಾಗಿ ಬಂತು. ಬ್ಯಾಕ್‌ಸ್ಪೇಸ್ ಪರೀಕ್ಷೆಯೂ ಆಯ್ತು. ಈಗ ಗಿರಾಕಿ ಎರಡನೇ ಸಾಲಿನಲ್ಲಿ ‘ಯಾರ‍್ಯಾರು ಬರ್ತೀರಿ’ ಅಂತ ಹಾಕಿ ಅಂತಿದಾರೆ, ಅದರಲ್ಲಿ ಯ ಒತ್ತು ಕೆಳಗೇ ಬೇಕಂತೆ. ಮೇಷ್ಟ್ರು ಬೈದ್ರೆ ಗಿರಾಕಿ ನಂಬರ್ ಕೊಡ್ತೀನಿ.